ಜೆರಾಕ್ಸ್ ಆದರೂ ಓದಲು ಬರುವ ಭೂಬಳಕೆ ನಕ್ಷೆ: ಚಿಹ್ನೆ ಮತ್ತು ಲೆಜೆಂಡ್ ತಯಾರಿಸುವ ಬಗೆ

ಹಿರಿಯೂರು ತಾಲ್ಲೂಕಿನ ಒಂದು ಊರಿನ ಗ್ರಾಮಸಭೆಗೆ ನಾನು ಭೂಬಳಕೆ ನಕ್ಷೆ ಮಾಡಿಕೊಟ್ಟಿದ್ದೆ. ಎ3 ಹಾಳೆ, ಒಂಬತ್ತು ಬಣ್ಣ. ಗೋಡೆಗೆ ಅಂಟಿಸಿದಾಗ ಚೆಂದ ಕಾಣುತ್ತಿತ್ತು. ಸಭೆಯ ದಿನ ಅದನ್ನೇ ಎ4ಗೆ ಇಳಿಸಿ, ಕಪ್ಪುಬಿಳುಪು ಜೆರಾಕ್ಸ್ ಮಾಡಿಸಿ ಜನರಿಗೆ ಹಂಚಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಹಾಳೆಯನ್ನು ಆಚೀಚೆ ತಿರುಗಿಸಿ ನೋಡಿ ಕೇಳಿದರು: "ಅಲ್ಲ ಸಾರ್, ನಮ್ಮ ಕೆರೆ ಇಷ್ಟು ದೊಡ್ಡದಿದ್ದಿದ್ರೆ ನಾವು ಬೋರ್ ಯಾಕೆ ಕೊರೆಸ್ತಿದ್ವಿ?"

ಕೆರೆಯ ಪಕ್ಕದ ಗೋಮಾಳವೂ ಕೆರೆಯೂ ಒಂದೇ ಬೂದು ಬಣ್ಣಕ್ಕೆ ತಿರುಗಿದ್ದವು. ಎರಡೂ ಸೇರಿ ದೊಡ್ಡ ಕೆರೆಯಾಗಿತ್ತು. ಲೆಜೆಂಡ್, ಅಂದರೆ ಮೂಲೆಯಲ್ಲಿರುವ ಚಿಹ್ನೆಗಳ ಪಟ್ಟಿ, ನೋಡಿದರೆ ಅಲ್ಲಿಯೂ ಎರಡು ಬೂದು ಚೌಕ, ಅಷ್ಟೇ. ಆ ನಕ್ಷೆಯನ್ನು ಮತ್ತೆ ಮೊದಲಿನಿಂದ ಹೇಗೆ ಮಾಡಿದೆ ಅನ್ನೋದನ್ನೇ ಇಲ್ಲಿ ಹೇಳುತ್ತೇನೆ. ನಾನು ಬಳಸಿದ್ದು ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್. ಆದರೆ ಅಳತೆಗಳು ಕೈಯಲ್ಲಿ ಬರೆಯುವವರಿಗೂ ಹೊಂದುತ್ತವೆ.

ತಪ್ಪು ಎಲ್ಲಿತ್ತು

ಬಣ್ಣ ಬೂದಿಗೆ ತಿರುಗಿದಾಗ ಉಳಿಯುವುದು ಅದು ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು ಮಾತ್ರ. ಹಸಿರೋ ನೀಲಿಯೋ ಅನ್ನೋದು ಹೋಗಿಬಿಡುತ್ತದೆ. ಅಂದಾಜು ಮಾಡಲು ಒಂದು ಸರಳ ಲೆಕ್ಕ ಇದೆ:

```
Y = 0.299*R + 0.587*G + 0.114*B
```

R, G, B ಅಂದರೆ ಬಣ್ಣದೊಳಗಿನ ಕೆಂಪು, ಹಸಿರು, ನೀಲಿಯ ಪ್ರಮಾಣ, ಸೊನ್ನೆಯಿಂದ 255ರವರೆಗೆ. Y ಸೊನ್ನೆ ಬಂದರೆ ಕಡುಗಪ್ಪು, 255 ಬಂದರೆ ಬಿಳಿ. ನನ್ನ ನಕ್ಷೆಯಲ್ಲಿ ಗೋಮಾಳಕ್ಕೆ ತಿಳಿ ಹಸಿರು (144, 238, 144) ಹಾಕಿದ್ದೆ. ಲೆಕ್ಕ ಹಾಕಿದರೆ 199. ಕೆರೆಗೆ ಆಕಾಶನೀಲಿ (135, 206, 235) ಹಾಕಿದ್ದೆ. ಅದು 188. ತೆರೆಯ ಮೇಲೆ ಯಾರೂ ಗೊಂದಲ ಮಾಡಿಕೊಳ್ಳದ ಎರಡು ಬಣ್ಣ, ಬೂದಿನಲ್ಲಿ ಹನ್ನೊಂದು ಮೆಟ್ಟಿಲು ಮಾತ್ರ ದೂರ. ಇನ್ನೊಂದು ಜೋಡಿ ಇದಕ್ಕಿಂತ ಕೆಟ್ಟದಿತ್ತು. ಗ್ರಾಮಠಾಣಕ್ಕೆ ಕೆಂಪು (255, 0, 0) ಅಂದರೆ 76, ಕಾಡಿಗೆ ಕಡು ಹಸಿರು (0, 128, 0) ಅಂದರೆ 75. ಊರೂ ಕಾಡೂ ಒಂದೇ! ಎರಡೂ ದೂರ ದೂರ ಇದ್ದಿದ್ದರಿಂದ ಸಭೆಯಲ್ಲಿ ಯಾರೂ ಗಮನಿಸಲಿಲ್ಲ, ಅಷ್ಟೇ.

ನಗರ ಯೋಜನೆಯ ನಕ್ಷೆ ಮಾಡುವವರಿಗೂ ಇದೇ ತೊಂದರೆ. ಮಾಸ್ಟರ್ ಪ್ಲಾನ್‌ಗಳಲ್ಲಿ ಸಾರ್ವಜನಿಕ ಕಟ್ಟಡಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು ಹಾಕುವ ರೂಢಿ ಇದೆ. ಜೆರಾಕ್ಸ್‌ನಲ್ಲಿ ಶಾಲೆ ಯಾವುದು, ಪಾರ್ಕ್ ಯಾವುದು ಅಂತ ಹುಡುಕಬೇಕಾಗುತ್ತದೆ.

ಹಾಗಾದರೆ ಒಂಬತ್ತು ಬೇರೆ ಬೇರೆ ಬೂದು ಹಾಕಿದರೆ ಆಯ್ತಲ್ಲ ಅಂತ ಅನಿಸಬಹುದು. ನನಗೂ ಅನಿಸಿತ್ತು. ಆಗಲಿಲ್ಲ. ಲೇಸರ್ ಪ್ರಿಂಟರ್‌ಗೆ ಬೂದು ಮಸಿ ಅಂತ ಇರುವುದಿಲ್ಲ. ಕಪ್ಪು ಮಸಿಯ ಸಣ್ಣ ಸಣ್ಣ ಚುಕ್ಕಿಗಳನ್ನು ಹರಡಿ ಬೂದು ಅನ್ನಿಸುವಂತೆ ಮಾಡುತ್ತದೆ. ಜೆರಾಕ್ಸ್ ಯಂತ್ರ ಆ ಚುಕ್ಕಿಗಳನ್ನೇ ನೋಡಿ ಅದರ ಮೇಲೆ ತನ್ನದೇ ಚುಕ್ಕಿ ಹಾಕುತ್ತದೆ. ಫಲ ಏನು? ತೀರಾ ತಿಳಿಯಾದದ್ದು ಬಿಳಿಯಾಗಿ ಮಾಯವಾಗುತ್ತದೆ, ತೀರಾ ಗಾಢವಾದದ್ದು ಕಪ್ಪಿಗೆ ಸೇರುತ್ತದೆ, ನಡುವಿನದ್ದು ಕಲೆಕಲೆ ಆಗುತ್ತದೆ. ನಂಬಿಕೆಯಿಂದ ಬೇರೆ ಮಾಡಲು ಬರುವುದು ಬಿಳಿ, ಒಂದು ಬೂದು, ಹೆಚ್ಚೆಂದರೆ ಎರಡು ಬೂದು, ಮತ್ತು ಕಪ್ಪು. ಮೂರು ನಾಲ್ಕು ಮೆಟ್ಟಿಲು. ಉಳಿದ ವರ್ಗಗಳನ್ನು ಬಿಡಿಸಿ ತೋರಿಸಬೇಕಾದದ್ದು ಗೆರೆ, ಚುಕ್ಕಿ ಮತ್ತು ಆಕಾರ. ನಾನಂತೂ ಬೂದನ್ನು ಪೂರ್ತಿ ಬಿಟ್ಟು, ಅಪ್ಪಟ ಕಪ್ಪಿನಲ್ಲೇ ಎಲ್ಲವನ್ನೂ ಮಾಡಿದೆ.

ಹೆಜ್ಜೆ 1: ವರ್ಗಗಳನ್ನು ಇಳಿಸಿ, ಬಿಳಿ ಯಾರಿಗೆ ಅಂತ ನಿರ್ಧರಿಸಿ

ನನ್ನ ಮೊದಲ ಪಟ್ಟಿಯಲ್ಲಿ ಹದಿನಾಲ್ಕು ಇದ್ದವು. ಶೇಂಗಾ, ಈರುಳ್ಳಿ, ರಾಗಿ ಎಲ್ಲ ಬೇರೆ ಬೇರೆ. ಆದರೆ ಅವು ಹಂಗಾಮಿಗೆ ಬದಲಾಗುವ ಬೆಳೆಗಳು, ಭೂಬಳಕೆ ಅಲ್ಲ. ಎಲ್ಲವನ್ನೂ ಕುಷ್ಕಿಗೆ ಸೇರಿಸಿದೆ. ಕೊನೆಗೆ ಉಳಿದದ್ದು ಒಂಬತ್ತು: ಗ್ರಾಮಠಾಣ, ಕುಷ್ಕಿ, ತರಿ, ತೋಟ, ಗೋಮಾಳ, ಕಾಡು, ಕೆರೆ, ಕಲ್ಲುಗುಡ್ಡ ಮತ್ತು ಖರಾಬು, ಕಲ್ಲು ಕ್ವಾರಿ. ನನ್ನ ಅನುಭವದಲ್ಲಿ ಒಂಬತ್ತೇ ಮಿತಿ. ಹತ್ತನೆಯದು ಬಂದರೆ ಎರಡನೇ ಹಾಳೆ ಮಾಡಿ.

ಈಗ ಬಿಳಿ ಯಾವುದಕ್ಕೆ? ಎಲ್ಲಕ್ಕಿಂತ ಜಾಸ್ತಿ ಜಾಗ ಇರುವುದಕ್ಕೆ. ಈ ಕಡೆ ಅದು ಕುಷ್ಕಿಯೇ. ಖಾಲಿ ಬಿಟ್ಟರೆ ಅದರೊಳಗಿನ ಸರ್ವೆ ನಂಬರ್‌ಗಳು ಚೆನ್ನಾಗಿ ಓದಲು ಬರುತ್ತವೆ. ಕಪ್ಪು ಯಾವುದಕ್ಕೆ? ಚಿಕ್ಕದಾಗಿದ್ದು, ಎದ್ದು ಕಾಣಬೇಕಾದ್ದಕ್ಕೆ. ಅದು ಗ್ರಾಮಠಾಣ. ದೊಡ್ಡ ಜಾಗಕ್ಕೆ ಕಪ್ಪು ಹಾಕಬೇಡಿ. ಹಳೇ ಜೆರಾಕ್ಸ್ ಯಂತ್ರದಲ್ಲಿ ದೊಡ್ಡ ಕಪ್ಪಿನ ನಡುವೆ ಮಸಿ ಸರಿಯಾಗಿ ಹಿಡಿಯುವುದಿಲ್ಲ, ಅಂಚು ಕಪ್ಪಾಗಿ ಮಧ್ಯ ಬೆಳ್ಳಗಾಗುತ್ತದೆ. ಭತ್ತವೇ ಜಾಸ್ತಿ ಇರುವ ಹರಿಹರದ ಕಡೆಯ ಊರಾಗಿದ್ದರೆ ತರಿಯನ್ನು ಬಿಳಿ ಬಿಟ್ಟು, ಕುಷ್ಕಿಗೆ ಗುರುತು ಕೊಡುವುದು ಸರಿ. ಚನ್ನಗಿರಿ ಕಡೆ ಅಡಿಕೆಯೇ ತುಂಬಿದ ಊರಿಗೆ ತೋಟವೇ ಬಿಳಿಯಾಗಬೇಕಾಗಬಹುದು. ಅದು ನೋಡಲು ವಿಚಿತ್ರ ಅನಿಸಿದರೂ ಹಾಳೆ ಓದಲು ಬರುತ್ತದೆ.

ಹೆಜ್ಜೆ 2: ಗುರುತುಗಳನ್ನು ಆರಿಸಿ

ಉಳಿದ ಏಳಕ್ಕೆ ಗುರುತು ಬೇಕು. ಇಲ್ಲಿ ನಾನು ಹಿಡಿದ ಸೂತ್ರ ಒಂದೇ: ಮನುಷ್ಯ ಸಾಲಾಗಿ ನೆಟ್ಟದ್ದು ಸಾಲಾಗಿರಲಿ, ತಾನಾಗಿ ಬೆಳೆದದ್ದು ಚೆದುರಿರಲಿ.

ತೋಟಕ್ಕೆ ಸಾಲು ಸಾಲಾಗಿ ದಪ್ಪ ಚುಕ್ಕಿ. ತೆಂಗು ಅಡಿಕೆ ನೆಡುವುದೇ ಹಾಗೆ, ಅಲ್ವಾ? ಕಾಡಿಗೆ ಸಣ್ಣ ಮರದ ಆಕಾರ, ಒಂದು ಕಾಂಡ ಮತ್ತು ಮೇಲೆ ಕಪ್ಪು ತಲೆ, ಎಲ್ಲೆಂದರಲ್ಲಿ ಚೆದುರಿದಂತೆ. ಕಲ್ಲುಗುಡ್ಡ ಮತ್ತು ಖರಾಬಿಗೆ ಚೆದುರಿದ ಇಂಟು ಗುರುತು. ತರಿಗೆ ಪೈರಿನ ಹಾಗೆ ಜೋಡಿಯಾಗಿ ನಿಂತ ಎರಡು ಗಿಡ್ಡ ಗೆರೆ, ಸಾಲಾಗಿ. ಕೆರೆಗೆ ಅಡ್ಡ ಗೆರೆ. ಕೆರೆ ಒಣಗಿದ್ದರೂ ಅದೇ ಗುರುತು, ಏಕೆಂದರೆ ದಾಖಲೆಯಲ್ಲಿ ಅದು ಕೆರೆಯೇ. ಗೋಮಾಳಕ್ಕೆ ದೂರ ದೂರದ ಓರೆ ಗೆರೆ. ಕ್ವಾರಿಗೆ ಒಂದರ ಮೇಲೊಂದು ಹಾದ ದಪ್ಪ ಜಾಲರಿ.

ಕೆರೆಗೂ ಗೋಮಾಳಕ್ಕೂ ಗೆರೆಯನ್ನೇ ಕೊಟ್ಟಿದ್ದೇನೆ. ಅಡ್ಡ ಮತ್ತು ಓರೆ ಅನ್ನೋ ವ್ಯತ್ಯಾಸ ಸಾಕಾಗುತ್ತದೆಯೇ? ಸಾಕಾಗುವುದಿಲ್ಲ. ಊರಿನವರು ನಕ್ಷೆಯನ್ನು ಸುಮ್ನೆ ಮುಂದೆ ಇಟ್ಟುಕೊಂಡು ಓದುವುದಿಲ್ಲ. ಗುಡಿ ಈ ಕಡೆ, ಕೆರೆ ಆ ಕಡೆ ಅಂತ ನೆಲಕ್ಕೆ ಹೊಂದುವ ಹಾಗೆ ಹಾಳೆ ತಿರುಗಿಸುತ್ತಾರೆ. ಹಾಗೆ ತಿರುಗಿಸಿದ ಕೂಡಲೇ ಅಡ್ಡ ಗೆರೆ ಓರೆಯಾಗುತ್ತದೆ. ಅದಕ್ಕೆ ದಿಕ್ಕಿನ ಜೊತೆಗೆ ಒತ್ತನ್ನೂ ಬದಲಿಸಿದೆ. ಕೆರೆಯ ಗೆರೆಗಳ ನಡುವೆ 1.5 ಮಿ.ಮೀ., ಗೋಮಾಳದಲ್ಲಿ 4 ಮಿ.ಮೀ. ಹಾಳೆಯನ್ನು ಹೇಗೆ ತಿರುಗಿಸಿದರೂ ಕೆರೆ ಗಾಢ, ಗೋಮಾಳ ತೆಳು. ಎರಡು ಗುರುತುಗಳ ನಡುವೆ ದಿಕ್ಕಿನ ವ್ಯತ್ಯಾಸ ಮಾತ್ರ ಇದ್ದರೆ ಅದು ಒಂದೇ ಗುರುತು ಅಂತ ಲೆಕ್ಕ ಹಾಕಿ.

ಟೊಳ್ಳು ಆಕಾರಗಳಿಂದ ದೂರ ಇರಿ. ತೋಟಕ್ಕೆ ಮೊದಲು ನಾನು ಉಂಗುರ ಹಾಕಿದ್ದೆ. ಮೂಲದಲ್ಲಿ ಮುದ್ದಾಗಿತ್ತು. ಮೂರನೇ ಪ್ರತಿಯಲ್ಲಿ ಉಂಗುರದ ಒಳಗೆ ಮಸಿ ತುಂಬಿಕೊಂಡಿತ್ತು. ಕೆಲವು ತುಂಬಿ, ಕೆಲವು ತುಂಬದೆ, ಎರಡು ಬೇರೆ ವರ್ಗಗಳ ಹಾಗೆ ಕಾಣುತ್ತಿದ್ದವು.

ಹೆಜ್ಜೆ 3: ಅಳತೆ

ಎ3ಯಿಂದ ಎ4ಗೆ ಇಳಿಸಿದರೆ ಪ್ರತಿ ಉದ್ದವೂ ಸುಮಾರು ಶೇ 71 ಆಗುತ್ತದೆ. ಅಂಗಡಿಯ ಯಂತ್ರದಲ್ಲಿ ಒತ್ತುವುದೂ ಅದೇ ಅಂಕಿ, 70 ಅಥವಾ 71. ಆದ್ದರಿಂದ ಎ4ನಲ್ಲಿ ಏನು ಉಳಿಯಬೇಕು ಅಂತ ಮೊದಲು ಯೋಚಿಸಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಎ4ನಲ್ಲಿ 0.18 ಮಿ.ಮೀ.ಗಿಂತ ತೆಳುವಾದ ಗೆರೆಯನ್ನು ನಾನು ನಂಬುವುದಿಲ್ಲ. ಅಂದರೆ ಎ3ನಲ್ಲಿ ಕನಿಷ್ಠ 0.25. ಸರ್ವೆ ನಂಬರ್ ಗಡಿ, ಗೋಮಾಳದ ಓರೆ ಗೆರೆ ಎರಡಕ್ಕೂ ಇದೇ ಸಾಕು. ಕೆರೆಯ ಗೆರೆ 0.35. ವರ್ಗಗಳ ನಡುವಿನ ಗಡಿ 0.5, ಇದು ಮುಖ್ಯ. ಗುರುತು ಮಸುಕಾದರೂ ಇಲ್ಲಿ ಏನೋ ಬದಲಾಗಿದೆ ಅಂತ ಈ ಗಡಿ ಹೇಳುತ್ತದೆ. ತೋಟದ ಚುಕ್ಕಿ 0.8 ಮಿ.ಮೀ., ಚುಕ್ಕಿಯಿಂದ ಚುಕ್ಕಿಗೆ 2.5. ಮರದ ಎತ್ತರ 2.5 ಮಿ.ಮೀ. ಇಂಟು ಗುರುತಿಗೆ 1.8. ಗೆರೆಗಳ ನಡುವಿನ ಖಾಲಿ ಜಾಗ ಮೂಲದಲ್ಲಿ 1 ಮಿ.ಮೀ.ಗಿಂತ ಕಡಿಮೆ ಬೇಡ. ತೀರಾ ಒತ್ತಿ ಹಾಕಿದರೆ ಯಂತ್ರದ ಚುಕ್ಕಿಗಳೊಂದಿಗೆ ತಾಕಲಾಡಿ, ಕೆರೆಯಲ್ಲಿ ಅಲೆಯಂಥ ಪಟ್ಟೆಗಳು ಏಳುತ್ತವೆ.

ಗುರುತು ಹಿಡಿಯುವಷ್ಟು ಜಾಗ ಇದೆಯೇ ಅನ್ನೋದೂ ಲೆಕ್ಕವೇ. ನಮ್ಮ ಹಳೆಯ ಗ್ರಾಮನಕ್ಷೆಗಳ ಅಳತೆ ಸಾಮಾನ್ಯವಾಗಿ 1:7920, ಅಂದರೆ ಒಂದು ಇಂಚಿಗೆ ಹತ್ತು ಚೈನು. ನನ್ನದೂ ಅದೇ. ಊರು ಉದ್ದಕ್ಕೆ ಎರಡೂವರೆ ಕಿ.ಮೀ., ಅಗಲಕ್ಕೆ ಎರಡು. ಹಾಳೆಯ ಮೇಲೆ 316 ಮತ್ತು 253 ಮಿ.ಮೀ. ಬಲಗಡೆ ಲೆಜೆಂಡ್‌ಗೆ ಒಂದು ಪಟ್ಟಿ ಉಳಿಯಿತು. ಈ ಅಳತೆಯಲ್ಲಿ ಚೌಕಾಕಾರದ ಒಂದು ಎಕರೆಯ ಬದಿ 8 ಮಿ.ಮೀ. ಎ4ಗೆ ಬಂದಾಗ 5.7. ಅದರಲ್ಲಿ ತೋಟದ ಚುಕ್ಕಿ ಮೂರು ಸಾಲು ಹಿಡಿಯುತ್ತದೆ, ಓದಲು ಸಾಕು. ಆದರೆ ಒಂದು ಗುಂಟೆಯ ಬದಿ 1.3 ಮಿ.ಮೀ. ಅಲ್ಲಿ ಯಾವ ಗುರುತೂ ನಿಲ್ಲುವುದಿಲ್ಲ. ಹತ್ತು ಗುಂಟೆಗಿಂತ ಚಿಕ್ಕ ಹಿಸ್ಸಾಗಳನ್ನು ನಾನು ಪಕ್ಕದ ವರ್ಗಕ್ಕೆ ಸೇರಿಸಿ, ಹಾಗೆ ಮಾಡಿದ್ದೇನೆ ಅಂತ ಲೆಜೆಂಡ್ ಕೆಳಗೆ ಒಂದು ಸಾಲು ಬರೆದೆ.

ಕ್ಯೂಜಿಐಎಸ್‌ನಲ್ಲಿ ಗೆರೆಗೆ `Line pattern fill`, ಸಾಲು ಚುಕ್ಕಿಗೆ `Point pattern fill`, ಚೆದುರಿದ ಮರಕ್ಕೆ `Random marker fill`. ಎಲ್ಲ ಅಳತೆಯೂ `Millimeters` ಇರಲಿ. `Map Units` ಇಟ್ಟರೆ ಅಳತೆ ಬದಲಿಸಿದಾಗ ಗುರುತೂ ಹಿಗ್ಗಿ ಕುಗ್ಗುತ್ತದೆ. ಇನ್ನೊಂದು ಮಾತು. ಪಕ್ಕಪಕ್ಕದ ಸರ್ವೆ ನಂಬರ್‌ಗಳು ಒಂದೇ ವರ್ಗಕ್ಕೆ ಸೇರಿದ್ದರೆ, ಗುರುತು ಹಾಕುವ ಮೊದಲು `Dissolve` ಮಾಡಿ ಬೇರೆ ಲೇಯರ್ ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಗಡಿಯಲ್ಲೂ ಚುಕ್ಕಿಗಳು ಅರ್ಧ ಕತ್ತರಿಸಿ ಬೀಳುತ್ತವೆ. ಹೊಸ ಆವೃತ್ತಿಗಳಲ್ಲಿ ಚುಕ್ಕಿ ಗುರುತಿಗೆ `Clipping` ಅಂತ ಒಂದು ಆಯ್ಕೆ ಇದೆ. ಅಲ್ಲಿ `Marker Completely Within Shape` ಆರಿಸಿದರೆ ಅಂಚಿನ ಅರ್ಧ ಚುಕ್ಕಿಗಳು ಹೋಗುತ್ತವೆ.

ಹೆಜ್ಜೆ 4: ನಕ್ಷೆಯೊಳಗಿನ ಅಕ್ಷರ

ಗುರುತಿನ ಜೊತೆಗೆ ಅಕ್ಷರವೂ ಇದ್ದರೆ ಬೆಂಬಲ ಸಿಗುತ್ತದೆ. ಇಂಗ್ಲಿಷ್ ನಕ್ಷೆಗಳಲ್ಲಿ ಒಂದಕ್ಷರದ ಸಂಕೇತ ಬರೆಯುತ್ತಾರೆ. ಅದನ್ನೇ ಕನ್ನಡಕ್ಕೆ ತಂದು ನಾನು ಎಡವಿದೆ. ತರಿಗೆ ತ, ತೋಟಕ್ಕೆ ತೋ ಅಂತ ಇಟ್ಟೆ. ಎರಡನೇ ಪ್ರತಿಯಲ್ಲೇ ಮೇಲಿನ ಕೊಂಬು ಮಾಸಿ ತೋಟ ತರಿಯಾಯಿತು. ಸರಿ, ತೋಟಕ್ಕೆ ಬಾಗಾಯ್ತು ಅಂತ ಬಾ, ಅರಣ್ಯಕ್ಕೆ ಅ ಇಡೋಣ ಅಂದುಕೊಂಡೆ. ಆದರೆ ಪಹಣಿಯಲ್ಲಿ ಖರಾಬಿಗೇ ಅ ಮತ್ತು ಬ ಇವೆ. ಪಹಣಿ ಓದಿ ಗೊತ್ತಿರುವ ರೈತರು ಅ ಕಂಡರೆ ಖರಾಬು ಅಂತಲೇ ಓದುತ್ತಾರೆ. ಅಂಕಿ ಬರೆಯೋಣ ಅಂದರೆ ಸರ್ವೆ ನಂಬರ್ ಜೊತೆ ಗೊಂದಲ.

ಕೊನೆಗೆ ಹೊಳೆದದ್ದು ತೀರಾ ಸರಳ. ತರಿ, ತೋಟ, ಕಾಡು, ಕೆರೆ ಎಲ್ಲ ಎರಡೇ ಅಕ್ಷರದ ಪದಗಳು. ಸಂಕೇತ ಯಾಕೆ? ಪೂರ್ತಿ ಪದವನ್ನೇ ಬರೆದೆ. ದೊಡ್ಡ ತುಂಡುಗಳಲ್ಲಿ ಒಳಗೆ, ಚಿಕ್ಕವಕ್ಕೆ ಹೊರಗೆ ಬರೆದು ಒಂದು ಗೆರೆ ಎಳೆದೆ. ಮೂಲದಲ್ಲಿ ಅಕ್ಷರ 10 ಪಾಯಿಂಟ್, ಎ4ನಲ್ಲಿ ಅದು 7 ಆಗುತ್ತದೆ. ಒತ್ತಕ್ಷರ ಇರುವ ಹೆಸರುಗಳಿಗೆ 11 ಒಳ್ಳೆಯದು, ಕೆಳಗಿನ ಒತ್ತು ಮೊದಲು ಕಟ್ಟಿಕೊಳ್ಳುತ್ತದೆ. ಅಕ್ಷರದ ಸುತ್ತ 1 ಮಿ.ಮೀ. ಬಿಳಿ ಅಂಚು ಕೊಡಿ (`Labels` ಒಳಗೆ `Buffer`). ಇಲ್ಲದಿದ್ದರೆ ಕೆರೆಯ ಗೆರೆ ಅಕ್ಷರದ ಮೇಲೇ ಹಾದುಹೋಗುತ್ತದೆ.

ಹೆಜ್ಜೆ 5: ಲೆಜೆಂಡ್

ಕ್ಯೂಜಿಐಎಸ್ ಲೆಜೆಂಡ್‌ನ ಚೌಕ ತಾನಾಗಿ 7 ಮಿ.ಮೀ. ಅಗಲ, 4 ಮಿ.ಮೀ. ಎತ್ತರ ಬರುತ್ತದೆ. ಬಣ್ಣಕ್ಕೆ ಅದು ಸಾಕು, ಗುರುತಿಗೆ ಸಾಲದು. 4 ಮಿ.ಮೀ. ಎತ್ತರದಲ್ಲಿ ಗೋಮಾಳದ ಓರೆ ಗೆರೆ ಒಂದೋ ಎರಡೋ ಕಾಣುತ್ತದೆ. ಅದು ಗೆರೆಯೋ, ಗಡಿಯೋ ಗೊತ್ತಾಗುವುದಿಲ್ಲ. ಪ್ರತಿ ಗುರುತೂ ಚೌಕದೊಳಗೆ ಕನಿಷ್ಠ ಮೂರು ಸಲ ಮರುಕಳಿಸಬೇಕು. ನಾನು `Symbol width` 16, `Symbol height` 10 ಇಟ್ಟೆ. ಜಾಗ ಜಾಸ್ತಿ ತಿನ್ನುತ್ತದೆ, ತಿನ್ನಲಿ.

ಚೌಕದಲ್ಲಿರುವ ಗುರುತು ನಕ್ಷೆಯಲ್ಲಿರುವ ಅಳತೆಯಲ್ಲೇ ಇರಬೇಕು. ಚೌಕಕ್ಕೆ ಹೊಂದಲಿ ಅಂತ ಒತ್ತನ್ನು ಬದಲಿಸಿದರೆ ಕೆಲಸ ಕೆಟ್ಟಿತು. ಓದುಗರು ಕೆರೆಯನ್ನೂ ಗೋಮಾಳವನ್ನೂ ಬಿಡಿಸುವುದು ಒತ್ತಿನಿಂದಲೇ ಅಲ್ವಾ?

ಸಾಲು ಯಾವ ಕ್ರಮದಲ್ಲಿ? ಅಕಾರಾದಿ ಬೇಡ. ಜನ ಮಾತಾಡುವ ಹಾಗೆ ಗುಂಪು ಮಾಡಿ: ಮೊದಲು ಊರು, ಆಮೇಲೆ ಹೊಲ ಗದ್ದೆ ತೋಟ, ಆಮೇಲೆ ಕಾಡು ಗೋಮಾಳ ಕೆರೆ, ಕೊನೆಗೆ ಖರಾಬು ಮತ್ತು ಕ್ವಾರಿ. ಇದರಲ್ಲಿ ಒಂದು ಉಪಾಯ ಮಾಡಿ. ಗೊಂದಲ ಆಗಬಹುದಾದ ಜೋಡಿಯನ್ನು ಒಂದರ ಕೆಳಗೊಂದು ಇಡಿ. ತೋಟದ ಕೆಳಗೇ ಕಾಡು, ಗೋಮಾಳದ ಕೆಳಗೇ ಕೆರೆ. ಪಕ್ಕದಲ್ಲೇ ಇದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕುಷ್ಕಿಯ ಖಾಲಿ ಚೌಕವನ್ನು ಮಾತ್ರ ಮರೆಯಬೇಡಿ. ಅದನ್ನು ಬಿಟ್ಟರೆ ಊರಿನ ಮುಕ್ಕಾಲು ಭಾಗ ಏನು ಅಂತಲೇ ಲೆಜೆಂಡ್ ಹೇಳುವುದಿಲ್ಲ.

ಲೆಜೆಂಡ್ ಹಾಳೆಯ ಅಂಚಿಗೆ ಅಂಟಿಕೊಂಡಿರಬಾರದು. ಜೆರಾಕ್ಸ್ ಯಂತ್ರ ಅಂಚಿನ ನಾಲ್ಕೈದು ಮಿ.ಮೀ. ತಿಂದುಹಾಕುತ್ತದೆ, ಹಾಳೆ ಸ್ವಲ್ಪ ಸೊಟ್ಟ ಇಟ್ಟರೆ ಇನ್ನೂ ಜಾಸ್ತಿ. ನಾನು 12 ಮಿ.ಮೀ. ಒಳಗಿಟ್ಟೆ. ಲೆಜೆಂಡ್ ಹಿಂದೆ ಬೂದು ಹಿನ್ನೆಲೆ ಹಾಕುವ ಚಾಳಿ ಇದ್ದರೆ ಬಿಡಿ.

ಅಳತೆ ಬರೆಯುವಾಗ ಎಚ್ಚರ. ಎ4ಗೆ ಇಳಿದ ಮೇಲೆ 1:7920 ಸುಳ್ಳಾಗುತ್ತದೆ, ನಿಜವಾದದ್ದು ಸುಮಾರು 1:11,200. ಅದಕ್ಕೆ ಅಂಕಿ ತೆಗೆದು ಪಟ್ಟಿ ಹಾಕಿ. 200 ಮೀಟರಿನ ಒಂದು ತುಂಡು ಮೂಲದಲ್ಲಿ 25 ಮಿ.ಮೀ. ಇರುತ್ತದೆ. ನಕ್ಷೆ ಕುಗ್ಗಿದರೆ ಪಟ್ಟಿಯೂ ಕುಗ್ಗುತ್ತದೆ, ಅಳತೆ ಸರಿಯಾಗೇ ಉಳಿಯುತ್ತದೆ.

ಹೆಜ್ಜೆ 6: ಬಣ್ಣ ಬೇಕೇ ಬೇಕು ಅಂದರೆ

ಗೋಡೆಯ ಪ್ರತಿಗೆ ಬಣ್ಣ ಬೇಕು ಅಂತ ಪಂಚಾಯ್ತಿಯವರು ಕೇಳೇ ಕೇಳುತ್ತಾರೆ. ಕಪ್ಪು ಗುರುತು ಪೂರ್ತಿ ಆದ ಮೇಲೆ, ಅದರ ಕೆಳಗೆ ತೀರಾ ತಿಳಿ ಬಣ್ಣ ಹಾಕಿ. ಮೇಲಿನ ಲೆಕ್ಕದಲ್ಲಿ Y 225ಕ್ಕಿಂತ ಮೇಲಿರಲಿ. ಕೆರೆಗೆ (210, 232, 245) ಹಾಕಿದರೆ 227, ಗೋಮಾಳಕ್ಕೆ (220, 240, 210) ಹಾಕಿದರೆ 231. ಬೂದಿನಲ್ಲಿ ಎರಡೂ ಒಂದೇ ಆಗುತ್ತವೆ, ಆಗಲಿ ಬಿಡಿ. ಬಿಡಿಸುವ ಕೆಲಸ ಗೆರೆಗಳದು. ಜೆರಾಕ್ಸ್ ಅಂಗಡಿಯಲ್ಲಿ ಫೋಟೋ ಮೋಡ್ ಬೇಡ, ಟೆಕ್ಸ್ಟ್ ಮೋಡ್‌ನಲ್ಲಿ ತೆಗೆಯಿರಿ ಅಂತ ಹೇಳಿ. ಫೋಟೋ ಮೋಡ್‌ನಲ್ಲಿ ಈ ತಿಳಿ ಬಣ್ಣಗಳೂ ಪುಡಿ ಪುಡಿ ಚುಕ್ಕಿಯಾಗಿ ಬಂದು ತೋಟದ ಚುಕ್ಕಿಗಳೊಳಗೆ ಬೆರೆಯುತ್ತವೆ.

ಹೆಜ್ಜೆ 7: ಪರೀಕ್ಷೆ

ತೆರೆಯ ಮೇಲೆ `View > Preview Mode` ಒಳಗೆ ಬೂದಾಗಿಸಿ ತೋರಿಸುವ ಆಯ್ಕೆ ಇದೆ. ದೊಡ್ಡ ತಪ್ಪು ಅಲ್ಲೇ ಸಿಗುತ್ತದೆ. ಆದರೆ ಮಸಿ ಕಟ್ಟಿಕೊಳ್ಳುವುದು, ಗೆರೆ ಮಾಯವಾಗುವುದು ಅಲ್ಲಿ ಕಾಣುವುದಿಲ್ಲ. ಅದಕ್ಕೆ ಅಂಗಡಿಗೇ ಹೋಗಬೇಕು.

ಎ3 ಮೂಲವನ್ನು ಎ4ಗೆ ಇಳಿಸಿ. ಆ ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ತೆಗೆಸಿ. ಮೂರನೆಯದನ್ನು ಮಾತ್ರ ಇಟ್ಟುಕೊಳ್ಳಿ. ಅದರ ಮೇಲೆ ಪೆನ್ಸಿಲಿನಲ್ಲಿ ಹತ್ತು ಜಾಗ ಗುರುತು ಮಾಡಿ. ಪದ ಬರೆಯದ ಜಾಗಗಳನ್ನೇ ಆರಿಸಿ, ಚಿಕ್ಕ ತುಂಡುಗಳೂ ಇರಲಿ. ನಕ್ಷೆ ಮಾಡದ ಯಾರಿಗಾದರೂ ಕೊಟ್ಟು, ಪ್ರತಿಯೊಂದೂ ಯಾವ ವರ್ಗ ಅಂತ ಲೆಜೆಂಡ್ ನೋಡಿ ಹೇಳಿಸಿ. ಆ ಊರಿನವರು ಬೇಡ. ಅವರಿಗೆ ಜಾಗ ಮೊದಲೇ ಗೊತ್ತಿರುತ್ತದೆ, ನಕ್ಷೆ ಓದದೆಯೇ ಸರಿ ಉತ್ತರ ಕೊಡುತ್ತಾರೆ. ನಾನು ಜೆರಾಕ್ಸ್ ಅಂಗಡಿಯ ಹುಡುಗನನ್ನೇ ಕೂರಿಸಿದೆ.

ಅವನು ಎರಡು ತಪ್ಪು ಹೇಳಿದ. ಎರಡೂ ಒಂದೇ ಜೋಡಿ: ಚಿಕ್ಕ ತುಂಡಿನ ಕಾಡನ್ನು ತೋಟ ಅಂದ. ನೋಡಿದರೆ ಆಗ ಮರದ ಎತ್ತರ 1.5 ಮಿ.ಮೀ. ಮಾತ್ರ ಇಟ್ಟಿದ್ದೆ. ಎ4ನಲ್ಲಿ ಕಾಂಡ ಹೋಗಿ ತಲೆ ಮಾತ್ರ ಉಳಿದು ಚುಕ್ಕಿಯಾಗಿತ್ತು. ಚೆದುರಿದೆಯೋ ಸಾಲಾಗಿದೆಯೋ ಅಂತ ನೋಡಿ ಹೇಳೋಣ ಅಂದರೆ, ಒಂದೆಕರೆ ತುಂಡಿನಲ್ಲಿ ಐದಾರು ಚುಕ್ಕಿ ಮಾತ್ರ. ಐದು ಚುಕ್ಕಿಯಲ್ಲಿ ಸಾಲು ಯಾವುದು, ಚೆದುರಿದ್ದು ಯಾವುದು? ಮರವನ್ನು 2.5ಕ್ಕೆ ಏರಿಸಿ, ಕಾಂಡದ ಗೆರೆಯನ್ನು 0.35 ಮಾಡಿದ ಮೇಲೆ ಅವನು ಹತ್ತಕ್ಕೆ ಹತ್ತು ಹೇಳಿದ. "ಸಾರ್, ಇದು ಮರ ಅಂತ ಬರೆದೇ ಇದೆಯಲ್ಲ" ಅಂದ. ಬರೆದಿರಲಿಲ್ಲ.

ಒಂದೇ ಜೋಡಿಯಲ್ಲಿ ತಪ್ಪು ಬಂದರೆ ಆ ಎರಡನ್ನು ಮಾತ್ರ ತಿದ್ದಿ, ಉಳಿದದ್ದನ್ನು ಮುಟ್ಟಬೇಡಿ. ತಪ್ಪು ಅಲ್ಲಲ್ಲಿ ಚದುರಿ ಬಂದರೆ ಕಾರಣ ಬೇರೆ: ವರ್ಗ ಜಾಸ್ತಿಯಾಗಿದೆ, ಇಲ್ಲವೇ ಎಲ್ಲ ಗುರುತೂ ಚಿಕ್ಕದಾಗಿದೆ.

ಎಲ್ಲ ಸರಿಹೋದ ಮೇಲೆ ಬಣ್ಣವಿಲ್ಲದ ಎ3 ಪ್ರತಿಯೊಂದನ್ನು ಬೇರೆ ಮುದ್ರಿಸಿ, ಮೇಲೆ "ಮೂಲ ಪ್ರತಿ, ಜೆರಾಕ್ಸ್‌ಗೆ ಇದನ್ನೇ ಕೊಡಿ" ಅಂತ ಬರೆದು ಪಂಚಾಯ್ತಿ ಫೈಲಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಡಿ. ಮಡಚಬೇಡಿ. ಮಡಿಕೆಯ ಗೆರೆ ಜೆರಾಕ್ಸ್‌ನಲ್ಲಿ ಬಂಡಿದಾರಿಯ ಹಾಗೆ ಕಾಣುತ್ತದೆ.